ಕೇಕಿನ ಮಜ್ಜಿಗೆ ಬೇರೆ, ಕುಡಿಯುವ ಮಜ್ಜಿಗೆ ಬೇರೆ

“ಅತ್ತೆ, ಮಜ್ಜಿಗೆ ಇದೆಯಾ? ಕೇಕಿಗೆ ಒಂದು ಕಪ್ ಬೇಕಂತೆ.”

“ಮಧ್ಯಾಹ್ನ ಮಾಡಿದ್ದು ಪಾತ್ರೆಯಲ್ಲಿದೆ ನೋಡಮ್ಮ. ಒಗ್ಗರಣೆ ಹಾಕಿಲ್ಲ, ಉಪ್ಪೂ ಹಾಕಿಲ್ಲ.”

ಓವನ್ ಇರುವ ಅನೇಕ ಮನೆಗಳಲ್ಲಿ ಈ ಮಾತು ನಡೆದಿರುತ್ತದೆ. ಸೊಸೆಯ ಮುಂದೆ ಅಮೆರಿಕದ ಯಾರದೋ ಪಾಕವಿಧಾನ ತೆರೆದಿದೆ. ಅದರಲ್ಲಿ ‘ಬಟರ್‌ಮಿಲ್ಕ್, ಒಂದು ಕಪ್’ ಎಂದಿದೆ. ಬಟರ್‌ಮಿಲ್ಕ್ ಅಂದರೆ ಮಜ್ಜಿಗೆ ಎಂದು ಶಾಲೆಯಲ್ಲಿ ಕಲಿತಾಗಿದೆ. ತಿಳಿಯಾದ ಮಜ್ಜಿಗೆ ಹಿಟ್ಟಿಗೆ ಸೇರುತ್ತದೆ, ಅಳತೆಯಲ್ಲಿ ಹೇಳಿದ ಅರ್ಧ ಟೀ ಚಮಚ ಅಡುಗೆ ಸೋಡಾ ಕೂಡ ಸೇರುತ್ತದೆ. ನಲವತ್ತು ನಿಮಿಷ ಕಳೆದು ಟಿನ್ ಹೊರಗೆ ತೆಗೆದರೆ ಕೇಕಿನ ಮೇಲ್ಮೈ ಬೇಕಾದ್ದಕ್ಕಿಂತ ಹೆಚ್ಚು ಕಂದಿದೆ, ನಡುಭಾಗ ಕುಸಿದಿದೆ, ಕತ್ತರಿಸಿದರೆ ಒಳಗೆ ಕೊಳಕು ಹಳದಿ ಬಣ್ಣ. ಬಾಯಿಗೆ ಇಟ್ಟುಕೊಂಡರೆ ಸೋಪು ತಾಗಿದ ಹಾಗೆ ಒಂದು ಕಹಿ. ಓವನ್ ಸರಿಯಿಲ್ಲ ಎಂದೋ ಮೈದಾ ಹಳೆಯದು ಎಂದೋ ತೀರ್ಮಾನವಾಗುತ್ತದೆ. ಎರಡೂ ನಿಜವಲ್ಲ. ಅಳತೆ ಕಪ್ಪಿನಲ್ಲಿ ಇದ್ದದ್ದು ಪಾಕವಿಧಾನ ಕೇಳಿದ ವಸ್ತುವೇ ಅಲ್ಲ.

ಬಟರ್‌ಮಿಲ್ಕ್ ಮತ್ತು ಮಜ್ಜಿಗೆ ಹುಟ್ಟಿದ್ದು ಒಂದೇ ಕೆಲಸದಿಂದ. ಬೆಣ್ಣೆ ತೆಗೆಯಲು ಕಡೆದ ಮೇಲೆ ಪಾತ್ರೆಯಲ್ಲಿ ಉಳಿಯುವ ಹುಳಿ ದ್ರವ ಅದು. ಇಲ್ಲಿ ಮೊಸರನ್ನು ಕಡೆದರು, ಅಲ್ಲಿ ಹುಳಿ ಬಂದ ಕೆನೆಯನ್ನು ಕಡೆದರು. ಆಮೇಲೆ ದಾರಿಗಳು ಬೇರೆಯಾದವು. ನಮ್ಮಲ್ಲಿ ಮಜ್ಜಿಗೆ ಊಟದ ಕೊನೆಗೆ, ಬಿಸಿಲಿನ ದಣಿವಿಗೆ ಕುಡಿಯುವ ಪದಾರ್ಥವಾಯಿತು. ಒಂದು ಪಾಲು ಮೊಸರಿಗೆ ಎರಡು ಮೂರು ಪಾಲು ನೀರು ಬೆರೆಯಿತು, ಜೊತೆಗೆ ಉಪ್ಪು, ಶುಂಠಿ, ಹಸಿಮೆಣಸು, ಕರಿಬೇವು. ಪ್ಯಾಕೆಟ್‌ನಲ್ಲಿ ಸಿಗುವ ಮಸಾಲೆ ಮಜ್ಜಿಗೆಯೂ ಇದೇ ರೂಪದ್ದು. ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಇಂದು ಬಟರ್‌ಮಿಲ್ಕ್ ಹೆಸರಿನಲ್ಲಿ ಮಾರುವುದಕ್ಕೂ ಬೆಣ್ಣೆಗೂ ಹೆಚ್ಚಿನ ಸಂಬಂಧ ಉಳಿದಿಲ್ಲ. ಕೊಬ್ಬು ಕಡಿಮೆ ಮಾಡಿದ ಹಾಲಿಗೆ ಹೆಪ್ಪು ಹಾಕಿ, ಹುಳಿ ಬಂದ ಮೇಲೆ ಕಲಕಿ ತುಂಬಿಸಿದ ದಪ್ಪ ದ್ರವ ಅದು. ಸುರಿದರೆ ನೀರಿನಂತೆ ಹರಿಯುವುದಿಲ್ಲ, ದೋಸೆ ಹಿಟ್ಟಿನಂತೆ ನಿಧಾನವಾಗಿ ಇಳಿಯುತ್ತದೆ. ಅದರ ಹತ್ತಿರದ ಬಂಧು ನಮ್ಮ ಮಜ್ಜಿಗೆಯಲ್ಲ, ನಮ್ಮ ಮೊಸರು.

ದಪ್ಪ ತೆಳುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕೇಕನ್ನು ಕೆಡಿಸುವ ವ್ಯತ್ಯಾಸ ಕಾಣುವುದಿಲ್ಲ, ಅದು ಹುಳಿಯ ಪ್ರಮಾಣದಲ್ಲಿದೆ.

ಹಾಲು ಮೊಸರಾಗುವಾಗ ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೊಸರಿನ ಹುಳಿ ಎಂದು ನಾಲಿಗೆ ಗುರುತಿಸುವುದು ಇದನ್ನೇ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್, ಅದು ಕ್ಷಾರ. ಇವೆರಡೂ ನೀರಿನ ನಡುವೆ ಸೇರಿದ ಕೂಡಲೇ ಒಂದನ್ನೊಂದು ತಿಂದು ಮುಗಿಸುತ್ತವೆ. ಉಳಿಯುವುದು ರುಚಿಗೆ ಅಷ್ಟಾಗಿ ತಿಳಿಯದ ಒಂದು ಲವಣ, ಸ್ವಲ್ಪ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲ. ಅರ್ಧ ಟೀ ಚಮಚ ಸೋಡಾದ ತೂಕ ಎರಡೂಕಾಲು ಗ್ರಾಂ ಆಸುಪಾಸು. ಅದು ಪೂರ್ತಿಯಾಗಿ ಹುಳಿಯೊಡನೆ ಸೇರಿದರೆ ಅರ್ಧ ಲೀಟರಿಗಿಂತ ಹೆಚ್ಚು ಅನಿಲ ಹುಟ್ಟುತ್ತದೆ. ಅದರಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ. ಹಿಟ್ಟಿನೊಳಗೆ ಸಿಕ್ಕಿಕೊಂಡದ್ದು ಓವನ್ನಿನ ಬಿಸಿಗೆ ಹಿಗ್ಗಿ ಕೇಕನ್ನು ಎತ್ತುತ್ತದೆ.

ಈ ಕೊಡುಕೊಳ್ಳುವಿಕೆಗೆ ಲೆಕ್ಕವಿದೆ, ಮತ್ತು ಆ ಲೆಕ್ಕ ಅಡುಗೆಮನೆಗೆ ಅನುಕೂಲವಾಗುವಷ್ಟು ಸರಳ. ಒಂದು ಗ್ರಾಂ ಸೋಡಾ ಪೂರ್ತಿ ಮುಗಿಯಲು ಒಂದು ಗ್ರಾಂಗಿಂತ ಚೂರೇ ಹೆಚ್ಚು ಲ್ಯಾಕ್ಟಿಕ್ ಆಮ್ಲ ಬೇಕು. ಹೆಚ್ಚುಕಡಿಮೆ ಸಮಸಮ ಎಂದುಕೊಳ್ಳಬಹುದು. ಅಂಗಡಿಯ ಬಟರ್‌ಮಿಲ್ಕ್‌ನಲ್ಲಿ ಆಮ್ಲದ ಪ್ರಮಾಣ ಶೇ. 0.8ರಿಂದ 0.9ರಷ್ಟು. ಒಂದು ಕಪ್, ಅಂದರೆ 240 ಮಿಲಿಲೀಟರ್‌ನಲ್ಲಿ ಸುಮಾರು ಎರಡು ಗ್ರಾಂ ಆಮ್ಲ ಇರುತ್ತದೆ. ಎರಡು ಗ್ರಾಂ ಆಮ್ಲಕ್ಕೆ ಎರಡು ಗ್ರಾಂ ಹತ್ತಿರದ ಸೋಡಾ, ಎಂದರೆ ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ‘ಒಂದು ಕಪ್ ಬಟರ್‌ಮಿಲ್ಕ್‌ಗೆ ಅರ್ಧ ಚಮಚ ಸೋಡಾ’ ಎಂಬ ಪಾಶ್ಚಾತ್ಯ ಅಡುಗೆಯ ಹಳೆಯ ಅಳತೆ ತಕ್ಕಡಿಯಲ್ಲಿ ತೂಗಿದಂತೆ ಕೂಡುವುದು ಹೀಗೆ. ಉಳಿಯುವ ಚೂರು ಸೋಡಾವನ್ನು ಹಿಟ್ಟಿನಲ್ಲಿರುವ ಬೇರೆ ಸಣ್ಣಪುಟ್ಟ ಹುಳಿಗಳು ನೋಡಿಕೊಳ್ಳುತ್ತವೆ.

ಈಗ ಅತ್ತೆ ಕೊಟ್ಟ ಮಜ್ಜಿಗೆಯನ್ನು ಇದೇ ತಕ್ಕಡಿಗೆ ಹಾಕೋಣ. ಮೊಸರಿನ ಮೂರು ಪಾಲು ನೀರು ಸೇರಿದ ಮೇಲೆ ಆಮ್ಲ ಶೇ. 0.25ರ ಆಸುಪಾಸಿಗೆ ಇಳಿದಿರುತ್ತದೆ. ಒಂದು ಕಪ್ಪಿಗೆ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಕಿದ ಸೋಡಾದಲ್ಲಿ ಕಾಲು ಭಾಗ ಮಾತ್ರ ಅದಕ್ಕೆ ಜೊತೆಯಾಗುತ್ತದೆ. ಮಿಕ್ಕ ಮುಕ್ಕಾಲು ಭಾಗ ಒಂಟಿಯಾಗಿ ಓವನ್ ಸೇರುತ್ತದೆ.

ಒಂಟಿ ಸೋಡಾ ಸುಮ್ಮನಿರುವುದಿಲ್ಲ. ಬಿಸಿ ಏರಿದಂತೆ ಅದು ತಾನಾಗಿಯೇ ಒಡೆದು ಅನಿಲ ಬಿಡುತ್ತದೆ, ಆದರೆ ಹುಳಿ ಜೊತೆಗಿದ್ದಾಗ ಬಿಡುತ್ತಿದ್ದುದರ ಅರ್ಧದಷ್ಟು ಮಾತ್ರ. ಹಿಂದೆ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ. ಸೋಪಿನ ರುಚಿ ಬರುವುದು ಅಲ್ಲಿಂದಲೇ. ಮೈದಾದಲ್ಲಿ ಸಹಜವಾಗಿ ಇರುವ ಬಣ್ಣವಿಲ್ಲದ ಕೆಲವು ಪದಾರ್ಥಗಳು ಕ್ಷಾರ ಸೋಕಿದರೆ ಹಳದಿಗೆ ತಿರುಗುತ್ತವೆ, ಅದಕ್ಕೇ ಒಳಗಿನ ಹಳದಿ. ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದುವ ಕ್ರಿಯೆ ಕ್ಷಾರದಲ್ಲಿ ಚುರುಕಾಗುತ್ತದೆ, ಅದಕ್ಕೇ ಬೇಗ ಕಪ್ಪಾಗುವ ಮೇಲ್ಮೈ. ನೀರಾದ ಹಿಟ್ಟು ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳಲಾರದೆ ಅವು ಮೇಲೆ ಬಂದು ಒಡೆಯುತ್ತವೆ, ನಡುಭಾಗ ಕುಸಿಯುತ್ತದೆ. ಸೊಸೆಯ ಕೇಕಿನ ಒಂದೊಂದು ದೋಷಕ್ಕೂ ಹೀಗೆ ವಿಳಾಸವಿದೆ.

ಸೋಡಾ ಹೆಚ್ಚಾಗಿದೆಯೇ ಎಂದು ಕಂಡುಕೊಳ್ಳಲು ಮನೆಯಲ್ಲೇ ಒಂದು ಉಪಾಯವಿದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚೂರು ಸುಣ್ಣ ಸೇರಿಸಿದರೆ ಅದು ಕೆಂಪು ಓಕುಳಿಯಾಗುವುದು ಎಲ್ಲರೂ ನೋಡಿದ್ದೇ. ಸುಣ್ಣದ ಕ್ಷಾರ ಅರಿಶಿನದ ಬಣ್ಣವನ್ನು ಬದಲಿಸುತ್ತದೆ. ಸೋಡಾ ಸರಿಯಾಗಿ ಬೆರೆಯದ ಗುಜರಾತಿ ಖಮನ್‌ನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಏಳುವುದಕ್ಕೂ ಕಾರಣ ಇದೇ. ಬೆಂದ ಕೇಕಿನ ಒಳಭಾಗದ ಒಂದು ಚೂರಿಗೆ ಎರಡು ಹನಿ ಅರಿಶಿನದ ನೀರು ಬಿಟ್ಟು ನೋಡಬಹುದು. ಹಳದಿಯಾಗಿಯೇ ಉಳಿದರೆ ಸೋಡಾ ಮುಗಿದಿದೆ. ಕೆಂಪಿಗೆ ತಿರುಗಿದರೆ ಹುಳಿ ಸಾಲದೆ ಸೋಡಾ ಉಳಿದಿದೆ.

ಹಾಗಾದರೆ ಬಟರ್‌ಮಿಲ್ಕ್ ಜಾಗಕ್ಕೆ ಏನು ಹಾಕಬೇಕು? ಮೊದಲ ಉತ್ತರ ಮೊಸರು. ಮುಕ್ಕಾಲು ಕಪ್ ಗಟ್ಟಿ ಮೊಸರಿಗೆ ಕಾಲು ಕಪ್ ನೀರು ಹಾಕಿ, ಒಂದೂ ಗಂಟು ಉಳಿಯದಂತೆ ಕಡೆದರೆ ಅಂಗಡಿಯ ಬಟರ್‌ಮಿಲ್ಕ್‌ನ ಹದಕ್ಕೆ ಬರುತ್ತದೆ. ಗಂಟು ಉಳಿದರೆ ಹುಳಿ ಒಂದೆಡೆ, ಸೋಡಾ ಇನ್ನೊಂದೆಡೆ ಆಗಿ ಕೇಕಿನಲ್ಲಿ ಮಚ್ಚೆಗಳು ಬೀಳುತ್ತವೆ. ಮಜ್ಜಿಗೆ ಕಡೆಗೋಲೇ ಇದಕ್ಕೆ ಒಳ್ಳೆಯ ಸಾಧನ, ಮಿಕ್ಸಿ ಬೇಕಾಗಿಲ್ಲ.

ಆದರೆ ಎಂಥ ಮೊಸರು ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಭಾರತೀಯ ಮಾನಕಗಳು ಮೊಸರನ್ನು ಸಿಹಿ, ಹುಳಿ ಎಂದು ಎರಡಾಗಿ ನೋಡುತ್ತವೆ. ಸಿಹಿ ಮೊಸರಿನಲ್ಲಿ ಆಮ್ಲ ಹೆಚ್ಚೆಂದರೆ ಶೇ. 0.7, ಹುಳಿ ಮೊಸರಿನಲ್ಲಿ ಹೆಚ್ಚೆಂದರೆ ಶೇ. 1. ಬೆಳಿಗ್ಗೆ ತಾನೇ ಹೆಪ್ಪುಗಟ್ಟಿದ, ಸಕ್ಕರೆ ಇಲ್ಲದೆಯೂ ಮಕ್ಕಳು ತಿನ್ನುವ ಮೊಸರು ಮೊದಲನೆಯದು. ಒಂದಿಡೀ ದಿನ ಹೊರಗೆ ಉಳಿದು, ಮಜ್ಜಿಗೆಹುಳಿಗೆ ತೆಗೆದಿಡುವ ಮೊಸರು ಎರಡನೆಯದು. ಕೇಕಿಗೆ ಬೇಕಾದ್ದು ಈ ಎರಡನೆಯದೇ. ನೀರು ಸೇರಿಸಿದ ಮೇಲೂ ಅದರ ಮುಕ್ಕಾಲು ಕಪ್ಪಿನಲ್ಲಿ ಒಂದೂವರೆ ಗ್ರಾಂ ಮೀರಿದ ಆಮ್ಲ ಇರುತ್ತದೆ, ಅರ್ಧ ಚಮಚಕ್ಕೆ ತುಸು ಕಡಿಮೆ ಸೋಡಾವನ್ನು ಅದು ನಿಭಾಯಿಸುತ್ತದೆ. ಸಿಹಿ ಮೊಸರು ಮಾತ್ರ ಇದ್ದರೆ ಎರಡು ದಾರಿ. ಐದಾರು ಗಂಟೆ ಅಡುಗೆ ಕಟ್ಟೆಯ ಮೇಲೆ ಬಿಟ್ಟು ಹುಳಿ ಬರಿಸುವುದು ಒಂದು. ಅಷ್ಟು ಸಮಯವಿಲ್ಲದಿದ್ದರೆ ಸೋಡಾವನ್ನು ಮಟ್ಟಸವಾದ ಕಾಲು ಚಮಚಕ್ಕೆ ಇಳಿಸಿ, ಕಡಿಮೆಯಾದ ಉಬ್ಬನ್ನು ಒಂದು ಟೀ ಚಮಚ ಬೇಕಿಂಗ್ ಪೌಡರ್‌ನಿಂದ ತುಂಬುವುದು ಇನ್ನೊಂದು.

ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರನ್ನು ಕೇಕಿಗೆ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಬಸಿದು ಹೋಗುವ ನೀರಿನ ಜೊತೆ ಹುಳಿಯ ಒಂದು ಪಾಲೂ ಹೋಗುತ್ತದೆ ಎಂಬುದನ್ನು ಅವರು ಗಮನಿಸಿರುವುದಿಲ್ಲ. ಬಸಿದ ಮೊಸರಿಗೆ ಅದೇ ನೀರನ್ನು ಮತ್ತೆ ಸೇರಿಸಿ ತೆಳು ಮಾಡುವುದು ಮೇಲು.

ಬೇಕಿಂಗ್ ಪೌಡರ್ ಬಗ್ಗೆ ಇಲ್ಲಿ ನಾಲ್ಕು ಮಾತು ಬೇಕು, ಏಕೆಂದರೆ ಸೋಡಾ ಮತ್ತು ಪೌಡರ್ ಒಂದೇ ಎಂಬ ಭಾವನೆ ಇನ್ನೂ ಹೋಗಿಲ್ಲ. 1796ರಲ್ಲಿ ಅಮೆರಿಕದ ಅಮೀಲಿಯಾ ಸಿಮನ್ಸ್ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಮರದ ಬೂದಿಯಿಂದ ಶುದ್ಧಗೊಳಿಸಿ ತೆಗೆದ ಕ್ಷಾರವನ್ನು ಹಿಟ್ಟು ಉಬ್ಬಿಸಲು ಬಳಸಲಾಗಿತ್ತು. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಸೋಡಾವನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಹೊಲಮನೆಗಳಲ್ಲಿ ಬೆಣ್ಣೆ ಕಡೆದು ಉಳಿದ ಹುಳಿ ಮಜ್ಜಿಗೆಗೆ ಬರವಿರಲಿಲ್ಲ, ಆದ್ದರಿಂದ ಸೋಡಾಕ್ಕೆ ಅದೇ ಜೊತೆಗಾರನಾಯಿತು. ಐರ್ಲೆಂಡಿನ ಸೋಡಾ ಬ್ರೆಡ್‌ನಲ್ಲಿ ಇಂದಿಗೂ ಗೋಧಿ ಹಿಟ್ಟು, ಉಪ್ಪು, ಸೋಡಾ, ಬಟರ್‌ಮಿಲ್ಕ್ ಬಿಟ್ಟರೆ ಬೇರೇನೂ ಇರಬೇಕಾಗಿಲ್ಲ. ತೊಂದರೆ ಏನೆಂದರೆ ಮಜ್ಜಿಗೆಯ ಹುಳಿ ಒಂದೊಂದು ದಿನ ಒಂದೊಂದು ತೆರ. ಈ ಅನಿಶ್ಚಿತತೆಯನ್ನು ಕಳೆಯಲು ಸೋಡಾ ಜೊತೆಗೆ ಒಣಗಿದ ಹುಳಿ ಪುಡಿಯನ್ನೂ ಅಳತೆ ಮಾಡಿ ಬೆರೆಸಿ, ನಡುವೆ ತೇವ ಹೀರಲು ಪಿಷ್ಟ ಸೇರಿಸಿದರು. ಅದೇ ಬೇಕಿಂಗ್ ಪೌಡರ್. ಅಮೆರಿಕದ ರಸಾಯನ ವಿಜ್ಞಾನಿ ಎಬೆನ್ ಹಾರ್ಸ್‌ಫರ್ಡ್ ಇದಕ್ಕೆ ಬೇಕಾದ ಫಾಸ್ಫೇಟ್ ಹುಳಿಗೆ ಪೇಟೆಂಟ್ ಪಡೆದದ್ದು 1856ರಲ್ಲಿ.

ಅಂದರೆ ಬೇಕಿಂಗ್ ಪೌಡರ್ ತನ್ನ ಹುಳಿಯನ್ನು ತಾನೇ ಹೊತ್ತು ತರುತ್ತದೆ, ಸೋಡಾ ಹೊತ್ತು ತರುವುದಿಲ್ಲ. ಪೌಡರ್‌ನಲ್ಲಿ ಸೋಡಾದ ಪಾಲು ಕಡಿಮೆ ಇರುವುದರಿಂದ ಕಾಲು ಚಮಚ ಸೋಡಾ ಎತ್ತುವಷ್ಟನ್ನು ಎತ್ತಲು ಒಂದು ಇಡೀ ಚಮಚ ಪೌಡರ್ ಬೇಕು. ಬಟರ್‌ಮಿಲ್ಕ್ ಬದಲಿಸುವ ಎಲ್ಲ ಲೆಕ್ಕಕ್ಕೂ ಈ ಒಂದು ಅನುಪಾತ ಕೀಲಿಕೈಯಂತಿದೆ.

ಹಾಲಿನ ಪುಡಿಯ ವಿಷಯಕ್ಕೆ ಬಂದಾಗ ಅದು ಕೈಗೆ ಬರುತ್ತದೆ. ಮೊಸರು ಬೇಗ ಕೆಡುತ್ತದೆ, ಪುಡಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಆದ್ದರಿಂದ ಅನೇಕರು ಅದನ್ನು ಆಶ್ರಯಿಸುತ್ತಾರೆ. ಒಂದು ಕಪ್ ನೀರಿಗೆ 25 ಗ್ರಾಂನಷ್ಟು, ಎಂದರೆ ಸುಮಾರು ಕಾಲು ಕಪ್ ಪುಡಿ ಕದಡಿದರೆ ಹಾಲು ಸಿಗುತ್ತದೆ. ಸಿಗುವುದು ಹಾಲು, ಮೊಸರಲ್ಲ ಎಂಬುದೇ ಮುಖ್ಯ ಮಾತು. ಹುಳಿ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೋಡಾ ಇರುವ ಪಾಕವಿಧಾನಕ್ಕೆ ಹಾಗೆಯೇ ಸುರಿದರೆ ನೀರು ಮಜ್ಜಿಗೆಗಿಂತಲೂ ಕೆಟ್ಟ ಫಲ ಬರುತ್ತದೆ. ಜೊತೆಗೆ ಇನ್ನೊಂದು ಎಚ್ಚರ: ಅಂಗಡಿಯಲ್ಲಿ ಚಹಾ ಕಾಫಿಗೆಂದು ಮಾರುವ ಡೈರಿ ವೈಟ್ನರ್ ನೋಡಲು ಹಾಲಿನ ಪುಡಿಯಂತೆಯೇ ಇರುತ್ತದೆ, ಆದರೆ ಅದರಲ್ಲಿ ಸಕ್ಕರೆ ಸೇರಿಸಿರುತ್ತಾರೆ. ಅದನ್ನು ಬಳಸಿದರೆ ಕೇಕ್ ಸಿಹಿ ಹೆಚ್ಚಾಗಿ, ಬೇಗ ಕಂದುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ ಕೊಳ್ಳಬೇಕು.

ಹಾಲಿಗೆ ಒಂದು ಟೇಬಲ್ ಚಮಚ ನಿಂಬೆರಸವನ್ನೋ ವಿನೆಗರನ್ನೋ ಹಿಂಡಿ ಹತ್ತು ನಿಮಿಷ ಬಿಟ್ಟರೆ ಬಟರ್‌ಮಿಲ್ಕ್ ಸಿದ್ಧ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತದೆ. ಹಾಲು ಒಡೆದು ದಪ್ಪಗಾಗುವುದನ್ನು ನೋಡಿ ಅದು ನಿಜವೆನಿಸುತ್ತದೆ. ಲೆಕ್ಕ ಹಾಕಿದರೆ ಕೊರತೆ ಕಾಣುತ್ತದೆ. ಒಂದು ಟೇಬಲ್ ಚಮಚ, ಅಂದರೆ 15 ಮಿಲಿಲೀಟರ್ ನಿಂಬೆರಸದಲ್ಲಿ ಮುಕ್ಕಾಲು ಗ್ರಾಂ ಆಸುಪಾಸು ಸಿಟ್ರಿಕ್ ಆಮ್ಲ ಇರುತ್ತದೆ. ಶೇ. 5ರ ವಿನೆಗರ್‌ನಲ್ಲಿ ಅಷ್ಟೇ ತೂಕದ ಅಸಿಟಿಕ್ ಆಮ್ಲ ಇರುತ್ತದೆ. ಎರಡರಲ್ಲಿ ಯಾವುದಾದರೂ ಮುಗಿಸಬಲ್ಲದ್ದು ಒಂದು ಗ್ರಾಂ ಸೋಡಾವನ್ನು, ಎಂದರೆ ಕಾಲು ಚಮಚಕ್ಕೆ ಸ್ವಲ್ಪ ಕಡಿಮೆ. ಅರ್ಧ ಚಮಚ ಸೋಡಾದ ಪಾಕವಿಧಾನದಲ್ಲಿ ಅರ್ಧದಷ್ಟು ಸೋಡಾ ಅನಾಥವಾಗಿ ಉಳಿಯುತ್ತದೆ. ನಿಂಬೆ ಇನ್ನಷ್ಟು ಹಿಂಡಿದರೆ ಕೇಕು ನಿಂಬೆಹಣ್ಣಿನ ಕೇಕಾಗುತ್ತದೆ. ಆ ಸಲಹೆ ಸುಳ್ಳಲ್ಲ, ಅರ್ಧ ಸತ್ಯ, ಸೋಡಾವನ್ನೂ ಅರ್ಧಕ್ಕೆ ಇಳಿಸಿದರೆ ಮಾತ್ರ ಅದು ಪೂರ್ತಿಯಾಗುತ್ತದೆ.

ಒಂದೇ ಕೇಕನ್ನು ಹಿಡಿದು ಎಲ್ಲವನ್ನೂ ನೋಡಿದರೆ ತಿಳಿಯಾಗುತ್ತದೆ. ಎರಡು ಕಪ್ ಅಂದರೆ 250 ಗ್ರಾಂ ಮೈದಾ, ಒಂದು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಎರಡು ಮೊಟ್ಟೆ, ಒಂದು ಕಪ್ ಬಟರ್‌ಮಿಲ್ಕ್, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಚಿಟಿಕೆ ಉಪ್ಪು, ವೆನಿಲಾ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಇದು ಬಟರ್‌ಮಿಲ್ಕ್ ಕೇಕಿನ ಸಾಮಾನ್ಯ ಸ್ವರೂಪ.

ಮನೆಯಲ್ಲಿ ಹುಳಿ ಮೊಸರಿದ್ದರೆ ಮುಕ್ಕಾಲು ಕಪ್ ಮೊಸರು, ಕಾಲು ಕಪ್ ನೀರು. ಸೋಡಾ ಅರ್ಧ ಚಮಚವನ್ನು ಬೆರಳಿನಿಂದ ಸವರಿ ತುಸು ಕಡಿಮೆ ಮಾಡಿದರೆ ಸಾಕು, ಬೇರೇನೂ ಬದಲಾಗುವುದಿಲ್ಲ. ಹಾಲಿನ ಪುಡಿಯೊಂದೇ ಇದ್ದರೆ ಪುಡಿ ಹಾಲಿನ ಒಂದು ಕಪ್‌ನಲ್ಲಿ ಎರಡು ಮೂರು ಟೇಬಲ್ ಚಮಚ ಕಡಿಮೆ ಹಾಕಬೇಕು, ಏಕೆಂದರೆ ಹಾಲು ಬಟರ್‌ಮಿಲ್ಕ್‌ಗಿಂತ ತೆಳು, ತೆಳು ಹಿಟ್ಟು ಗುಳ್ಳೆಯನ್ನು ಹಿಡಿಯದು. ಸೋಡಾವನ್ನು ಪೂರ್ತಿ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಹಾಕಬೇಕು. ಅನುಪಾತದ ಪ್ರಕಾರ ಇನ್ನೆರಡು ಚಮಚ ಸೇರಿ ಒಟ್ಟು ಮೂರಾಗುತ್ತದೆ, ಆದರೆ 250 ಗ್ರಾಂ ಮೈದಾಕ್ಕೆ ಎರಡೂವರೆಯಲ್ಲಿ ನಿಲ್ಲಿಸುವುದು ಕ್ಷೇಮ. ಅತಿಯಾಗಿ ಉಬ್ಬಿದ ಕೇಕೂ ಕೊನೆಗೆ ಕುಸಿಯುತ್ತದೆ. ಪುಡಿಯ ಜೊತೆ ನಿಂಬೆ ಇದ್ದರೆ ಇವೆರಡರ ನಡುವಿನ ದಾರಿ: ಹಾಲಿಗೆ ಒಂದು ಟೇಬಲ್ ಚಮಚ ನಿಂಬೆರಸ, ಸೋಡಾ ಕಾಲು ಚಮಚ, ಬೇಕಿಂಗ್ ಪೌಡರ್ ಒಟ್ಟು ಎರಡು ಚಮಚ.

ಇವೆಲ್ಲಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ, ಅದು ಹಿಂದಿನ ರಾತ್ರಿಯೇ ಶುರುವಾಗಬೇಕು. ಪುಡಿಯನ್ನು ಉಗುರು ಬೆಚ್ಚಗಿನ ನೀರಿಗೆ ತುಸು ಗಟ್ಟಿಯಾಗಿ ಕದಡಿ, ಒಂದು ಚಮಚ ಹೆಪ್ಪು ಹಾಕಿಟ್ಟರೆ ಮರುದಿನ ಮೊಸರು ಸಿದ್ಧ. ಮಧ್ಯಾಹ್ನದ ಹೊತ್ತಿಗೆ ಹುಳಿಯೂ ಬಂದಿರುತ್ತದೆ.

ಬದಲಿ ಪದಾರ್ಥ ಏನು ಕೊಡಲಾರದು ಎಂಬುದನ್ನೂ ಹೇಳಬೇಕು. ಪುಡಿ ಹಾಲು ಮತ್ತು ಬೇಕಿಂಗ್ ಪೌಡರ್‌ನ ಕೇಕ್ ಚೆನ್ನಾಗಿ ಏಳುತ್ತದೆ, ಆದರೆ ಬಟರ್‌ಮಿಲ್ಕ್ ಕೊಡುವ ಸಣ್ಣ ಹುಳಿ ಮತ್ತು ಬೆಣ್ಣೆಯಂಥ ಪರಿಮಳ ಅದರಲ್ಲಿ ಇರುವುದಿಲ್ಲ. ಆ ಪರಿಮಳ ಹೆಪ್ಪಿನ ಬ್ಯಾಕ್ಟೀರಿಯಾಗಳ ಕೆಲಸ, ಯಾವ ನಿಂಬೆಯೂ ಅದನ್ನು ತರಲಾರದು. ಮೊಸರು ಆ ರುಚಿಯ ಬಹುಪಾಲನ್ನು ಕೊಡುತ್ತದೆ. ಕೇಕಿನ ರುಚಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕರ್ನಾಟಕದ ಅಡುಗೆಮನೆಯಲ್ಲಿ ಹಾಲಿನ ಪುಡಿಯನ್ನು ಹುಡುಕಿ ಹೋಗುವುದಕ್ಕೆ ಕಾರಣವೇ ಇಲ್ಲ.

ಹುಳಿ ಹೆಚ್ಚಾದರೂ ಕೆಡುಕಿದೆ. ಎರಡು ಮೂರು ದಿನ ಹೊರಗಿದ್ದ ಮೊಸರಿಗೆ ಚಿಟಿಕೆ ಸೋಡಾ ಮಾತ್ರ ಹಾಕಿದರೆ ಕೇಕ್ ಬಿಳಿಚಿಕೊಂಡು, ಒತ್ತಾಗಿ, ಹುಳಿಯಾಗಿ ಬರುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಮೇಲೆ ಹೊಂಬಣ್ಣ ಏರುವುದಿಲ್ಲ, ಏಕೆಂದರೆ ಹುಳಿಯಲ್ಲಿ ಕಂದುವ ಕ್ರಿಯೆ ನಿಧಾನ. ಕಪ್ಪು ಕೇಕ್, ಸೋಪಿನ ರುಚಿ ಎಂದರೆ ಸೋಡಾ ಹೆಚ್ಚು. ಬಿಳಿಚಿದ ಕೇಕ್, ಹುಳಿ ರುಚಿ ಎಂದರೆ ಸೋಡಾ ಕಡಿಮೆ.

ಕರಾವಳಿಯ ಹೋಟೆಲುಗಳು ಈ ಲೆಕ್ಕವನ್ನು ಪುಸ್ತಕವಿಲ್ಲದೆಯೇ ಅರಿತಿವೆ. ಮಂಗಳೂರು ಬನ್ಸಿಗೆ ಮಾಗಿದ ಬಾಳೆಹಣ್ಣು, ಮೈದಾ, ಹುಳಿ ಮೊಸರು, ಚಿಟಿಕೆ ಸೋಡಾ. ಗೋಳಿಬಜೆಗೆ ಮೈದಾ, ಹುಳಿ ಮೊಸರು, ಚಿಟಿಕೆ ಸೋಡಾ. ಎರಡರಲ್ಲೂ ಮೊಸರು ಹುಳಿಯಾಗಿರಲೇಬೇಕು ಎಂದು ಹಿರಿಯರು ಒತ್ತಿ ಹೇಳುವುದು ರುಚಿಗಾಗಿ ಮಾತ್ರವಲ್ಲ. ಸಿಹಿ ಮೊಸರಿನಲ್ಲಿ ಕಲಸಿದ ಗೋಳಿಬಜೆ ಉಬ್ಬಲಿಲ್ಲವೆಂದು ಇನ್ನಷ್ಟು ಸೋಡಾ ಹಾಕಿದರೆ ಅದು ಎಣ್ಣೆಯಲ್ಲಿ ಬೇಗ ಕೆಂಪಾಗಿ, ಎಣ್ಣೆ ಕುಡಿದು, ಬಾಯಲ್ಲಿ ಕಹಿ ಉಳಿಸುತ್ತದೆ. ಅಮೆರಿಕದ ಕೇಕಿನಲ್ಲಿ ನಡೆದ ಅದೇ ಅಪಘಾತ ಬಾಣಲೆಯಲ್ಲಿ ನಡೆಯುತ್ತದೆ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಬೆಂಗಳೂರಿನ ಎಂಟಿಆರ್ ರೂಪಿಸಿತೆನ್ನುವ ರವೆ ಇಡ್ಲಿಯೂ ಮೊಸರು ಮತ್ತು ಸೋಡಾದ ಬಲದ ಮೇಲೆಯೇ ನಿಂತಿದೆ. ಈಗ ಮನೆಗಳಲ್ಲಿ ಸೋಡಾ ಬದಲು ಈನೋ ಹಾಕುತ್ತಾರೆ. ಈನೋದಲ್ಲಿ ಸೋಡಾ ಜೊತೆಗೆ ಸಿಟ್ರಿಕ್ ಆಮ್ಲ ಮೊದಲೇ ಬೆರೆತಿರುತ್ತದೆ, ಹಾಗಾಗಿ ಮೊಸರು ಸಿಹಿಯಾಗಿದ್ದರೂ ಇಡ್ಲಿ ಏಳುತ್ತದೆ.

ವಿದೇಶದಲ್ಲಿರುವ ಕನ್ನಡಿಗರಿಗೆ ಈ ಸಮಸ್ಯೆ ತಲೆಕೆಳಗಾಗಿ ಎದುರಾಗುತ್ತದೆ. ಅವರಿಗೆ ಅಂಗಡಿಯಲ್ಲಿ ನಿಜವಾದ ಬಟರ್‌ಮಿಲ್ಕ್ ಸಿಗುತ್ತದೆ, ಅದನ್ನು ಮಜ್ಜಿಗೆಹುಳಿಗೆ ಬಳಸಿದರೆ ದಪ್ಪವೂ ಹುಳಿಯೂ ಹೆಚ್ಚಾಗಿರುತ್ತದೆ, ಕೆಲವು ಡಬ್ಬಿಗಳಲ್ಲಿ ಉಪ್ಪೂ ಇರುತ್ತದೆ. ಅದಕ್ಕೆ ನೀರು ಬೆರೆಸಿಯೇ ಬಳಸಬೇಕು.

ಅಳತೆ ಸರಿಯಾದ ಮೇಲೂ ಸಮಯ ಕೈಕೊಡಬಹುದು. ಹುಳಿ ಮತ್ತು ಸೋಡಾ ಸೇರಿದ ಕ್ಷಣದಿಂದಲೇ ಅನಿಲ ಹುಟ್ಟುತ್ತದೆ, ಓವನ್ ಬಿಸಿಯಾಗಲಿ ಎಂದು ಅದು ಕಾಯುವುದಿಲ್ಲ. ಬೇಕಿಂಗ್ ಪೌಡರ್ ಸ್ವಲ್ಪ ತಾಳ್ಮೆಯದು, ಸಾಮಾನ್ಯವಾಗಿ ಒಂದು ಪಾಲನ್ನು ಒದ್ದೆಯಾದಾಗ, ಉಳಿದದ್ದನ್ನು ಬಿಸಿ ತಾಗಿದಾಗ ಬಿಡುತ್ತದೆ. ಆದ್ದರಿಂದ ಸೋಡಾ ಇರುವ ಹಿಟ್ಟನ್ನು ಕಲಸುವ ಮೊದಲೇ ಓವನ್ ಬಿಸಿಯಾಗಿರಬೇಕು, ಟಿನ್ನಿಗೆ ಎಣ್ಣೆ ಸವರಿ ಮೈದಾ ಉದುರಿಸಿರಬೇಕು. ಸೋಡಾವನ್ನು ಮೈದಾದೊಡನೆ ಎರಡು ಸಲ ಜರಡಿ ಹಿಡಿದು, ಮೊಸರನ್ನು ಕೊನೆಗೆ ಸೇರಿಸಿ, ಹಿಟ್ಟಿನ ಬಿಳಿ ಕಾಣದಾಗುವಷ್ಟು ಮಾತ್ರ ಕಲಸಿ ತಕ್ಷಣ ಒಳಗಿಡಬೇಕು.

ಮೊಟ್ಟೆಯಿಲ್ಲದ ಮೊಸರಿನ ಕೇಕ್ ಮಾಡುವವರು ಇದರ ವಿರುದ್ಧ ಹೋಗುತ್ತಾರೆ. ಮೊಸರು, ಸಕ್ಕರೆ ಕಲಕಿ, ಅದಕ್ಕೆ ಸೋಡಾ ಮತ್ತು ಬೇಕಿಂಗ್ ಪೌಡರ್ ಎರಡನ್ನೂ ಹಾಕಿ, ನೊರೆ ಉಕ್ಕುವವರೆಗೆ ಐದು ನಿಮಿಷ ಬಿಡುವುದು ಅವರ ಕ್ರಮ. ನೊರೆ ನೋಡಲು ಚೆಂದ, ಮೊಸರು ಹುಳಿಯಾಗಿದೆ ಎಂಬುದಕ್ಕೆ ಸಾಕ್ಷಿಯೂ ಹೌದು. ದಪ್ಪ ಮೊಸರು ಆ ಗುಳ್ಳೆಗಳಲ್ಲಿ ಒಂದಷ್ಟನ್ನು ಹಿಡಿದಿಡುವುದರಿಂದ ಈ ಕೇಕ್ ಏಳುತ್ತದೆ ಕೂಡ. ಆದರೆ ಬಟ್ಟಲಿನಲ್ಲಿ ಒಡೆದ ಪ್ರತಿ ಗುಳ್ಳೆ ಓವನ್ನಿಗೆ ತಲುಪಬೇಕಾಗಿದ್ದ ಗುಳ್ಳೆ. ಐದು ನಿಮಿಷ ಹದಿನೈದಾದರೆ ಕೇಕ್ ಚಪ್ಪಟೆಯಾಗುತ್ತದೆ. ಈ ಕ್ರಮವನ್ನೇ ಹಿಡಿಯುವವರು ಸೋಡಾವನ್ನು ಮಾತ್ರ ಮೊಸರಿಗೆ ಹಾಕಿ, ಬೇಕಿಂಗ್ ಪೌಡರನ್ನು ಮೈದಾದೊಡನೆ ಕೊನೆಗೆ ಸೇರಿಸುವುದು ಉತ್ತಮ.

ಕೊನೆಯದಾಗಿ ಡಬ್ಬಿಯ ವಿಚಾರ. ಅಡುಗೆ ಸೋಡಾ ಒಣ ಜಾಗದಲ್ಲಿ ಬಹುಕಾಲ ಬಾಳುತ್ತದೆ. ಬೇಕಿಂಗ್ ಪೌಡರ್ ಹಾಗಲ್ಲ, ಅದರೊಳಗೆ ಹುಳಿ ಮತ್ತು ಸೋಡಾ ಅಕ್ಕಪಕ್ಕ ಕಾದು ಕುಳಿತಿವೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವ ಡಬ್ಬಿಯೊಳಗೆ ಇಳಿದರೆ ಅವು ಅಲ್ಲಿಯೇ ಸೇರಿ ಸತ್ವ ಕಳೆದುಕೊಳ್ಳುತ್ತವೆ. ಕೇಕಿಗೆ ಕೈ ಹಾಕುವ ಮೊದಲು ಒಂದು ಚಮಚ ಪೌಡರನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ ನೋಡಿ. ಜೋರಾಗಿ ನೊರೆ ಎದ್ದರೆ ಬಳಸಿ. ಸುಮ್ಮನೆ ತಳಕ್ಕೆ ಇಳಿದು ಕುಳಿತರೆ ಆ ಡಬ್ಬಿಯನ್ನು ಎಸೆದು ಹೊಸದು ತನ್ನಿ.